ಮೇಲ್ ತೆರೆದದ್ದು ಅವರಿಗೆ ಹೇಗೆ ಗೊತ್ತಾಗುತ್ತದೆ?

ನಮ್ಮೂರು ಸರಸಂಬಾದಲ್ಲಿ, ನಮ್ಮ ಮನೆ ಹಿಂದಿನ ಓಣಿಯ ಹುಡುಗನೊಬ್ಬ ಈ ಸಲ ಪಿಯುಸಿ ಮುಗಿಸಿದ. ಮುಂದೆ ಯಾವ ಕೋರ್ಸ್ ಸೇರಬೇಕೆಂದು ಫೋನಿನಲ್ಲಿ ಹುಡುಕುತ್ತ ದೂರದ ಊರಿನ ಒಂದು ಸಂಸ್ಥೆಯ ಫಾರ್ಮ್ ತುಂಬಿದ. ಹೆಸರು, ಮೊಬೈಲ್ ನಂಬರ್, ಮೇಲ್ ವಿಳಾಸ, ಇಷ್ಟೇ ಕೊಟ್ಟಿದ್ದು. ಮರುದಿನದಿಂದ ಮೇಲ್ ಬರತೊಡಗಿದವು. ಅವನು ಒಂದಕ್ಕೂ ಉತ್ತರ ಬರೆದಿಲ್ಲ, ಒಳಗಿನ ಯಾವ ಲಿಂಕನ್ನೂ ಒತ್ತಿಲ್ಲ. ಆದರೂ ಮೇಲ್ ಓದಿದ ಸ್ವಲ್ಪ ಹೊತ್ತಿಗೆ ಫೋನ್ ಬರುತ್ತಿತ್ತು. "ನಮ್ಮ ಫೀಸಿನ ವಿವರ ನೋಡಿದ್ದೀರಿ, ಸೀಟು ಯಾವಾಗ ಬುಕ್ ಮಾಡ್ತೀರಿ?" ಎಂದು ಆ ಕಡೆಯವರು ಕೇಳುತ್ತಿದ್ದರು. 'ನೋಡಿದ್ರಾ' ಎಂದು ಕೇಳುತ್ತಿರಲಿಲ್ಲ, 'ನೋಡಿದ್ದೀರಿ' ಎಂದೇ ಮಾತು ಶುರುಮಾಡುತ್ತಿದ್ದರು.

ಹುಡುಗ ನನ್ನ ಹತ್ತಿರ ಬಂದು ಕೇಳಿದ: "ಅಣ್ಣಾ, ನಾ ಮೇಲ್ ತೆಗದು ಅರ್ಧ ತಾಸು ಆಗಿರಂಗಿಲ್ಲ, ಫೋನ್ ಬರ್ತದ. ಇವ್ರಿಗಿ ಹ್ಯಾಂಗ ಗೊತ್ತಾಗ್ತದ?"

ಅವನ ಅಪ್ಪ, ನಮ್ಮ ಕಾಕಾ, ಬೇರೆಯೇ ಲೆಕ್ಕ ಹಾಕಿದ್ದರು. ಫೋನಿನೊಳಗೆ ಯಾರೋ ಕೂತು ಮಾತು ಕೇಳಿಸಿಕೊಳ್ಳುತ್ತಿದ್ದಾರೆ, ಈ ಫೋನನ್ನೇ ಮಾರಿಬಿಡೋಣ ಅನ್ನುವುದು ಅವರ ವಾದ. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಸೀಟು ಹಿಡಿಯಲು ಮುಂಗಡ ಕಟ್ಟಬೇಕೆಂದು ಆ ಕಡೆಯಿಂದ ದಿನಕ್ಕೊಂದು ಕರೆ. ತೊಗರಿ ಮಾರಿ ಬಂದ ದುಡ್ಡು ಮನೆಯಲ್ಲಿತ್ತು. 'ಇವರಿಗೆ ಎಲ್ಲಾ ಗೊತ್ತದ, ಇನ್ನ ತಪ್ಪಿಸಿಕೊಳ್ಳಾಕ ಆಗಂಗಿಲ್ಲ' ಅನ್ನುವ ಅಳುಕಿನಲ್ಲೇ ಅದನ್ನು ಕಟ್ಟಿಬಿಡುವ ಹಂತಕ್ಕೆ ಅವರು ಬಂದಿದ್ದರು.

ನಾವು ಮೊದಲು ಮಾಡಿದ್ದು ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದಿಡುವ ಕೆಲಸ. ಮುಂದಿನ ಮೂರು ಮೇಲ್‌ಗಳಿಗೆ ಹೀಗೆ ಮಾಡಿದೆವು. ಮೊದಲನೆಯದನ್ನು ಹುಡುಗ ಬೆಳಿಗ್ಗೆ 11.10ಕ್ಕೆ ತೆರೆದ, 11.30ರೊಳಗೆ ಫೋನ್ ಬಂತು. ಎರಡನೆಯದನ್ನು ಎರಡು ದಿನ ಮುಟ್ಟದೆ ಬಿಟ್ಟೆವು, ಆ ಎರಡು ದಿನ ಫೋನೇ ಇಲ್ಲ. ಮೂರನೆಯ ದಿನ ಸಂಜೆ 5ಕ್ಕೆ ತೆರೆದರೆ 5.20ಕ್ಕೆ ಬಂತು. ಮೂರನೆಯ ಮೇಲನ್ನು ರಾತ್ರಿ ಹತ್ತಕ್ಕೆ ತೆರೆದ. ಆ ರಾತ್ರಿ ಯಾರೂ ಮಾಡಲಿಲ್ಲ, ಮರುದಿನ ಅವರ ಆಫೀಸು ತೆರೆಯುವ ಹೊತ್ತಿಗೆ ಮೊದಲ ಕರೆಯೇ ಇವನಿಗೆ. ಮೂರು ಸಲ ಹೊಂದಿಕೆಯಾದ ಮಾತ್ರಕ್ಕೆ ಅದು ಸಾಕ್ಷಿ ಆಗುವುದಿಲ್ಲ, ಆದರೆ ಎಲ್ಲಿ ಹುಡುಕಬೇಕೆಂಬುದು ತಿಳಿಯಿತು. ಗುಟ್ಟು ಫೋನಿನಲ್ಲಿರಲಿಲ್ಲ, ಮೇಲ್ ತೆರೆಯುವುದರಲ್ಲಿತ್ತು.

ಮೇಲ್‌ನಲ್ಲಿ ನಾವು ನೋಡುವ ಚಿತ್ರ ಎರಡು ರೀತಿಯಲ್ಲಿ ಬರುತ್ತದೆ. ಒಂದು, ಲಕೋಟೆಯೊಳಗೇ ಫೋಟೋ ಇಟ್ಟ ಹಾಗೆ ಮೇಲ್ ಜೊತೆಗೇ ಬಂದಿರುತ್ತದೆ. ಅದನ್ನು ನೋಡಿದರೆ ಕಳಿಸಿದವರಿಗೆ ಏನೂ ತಿಳಿಯುವುದಿಲ್ಲ. ಇನ್ನೊಂದರಲ್ಲಿ ಚಿತ್ರ ಮೇಲ್‌ನಲ್ಲಿ ಇರುವುದೇ ಇಲ್ಲ, ಅದು ಎಲ್ಲಿ ಸಿಗುತ್ತದೆ ಎಂಬ ವಿಳಾಸ ಮಾತ್ರ ಇರುತ್ತದೆ. ಪತ್ರದಲ್ಲಿ 'ಫೋಟೋ ನಮ್ಮ ಮನೆಯಲ್ಲಿದೆ, ಈ ಚೀಟಿ ಕೊಟ್ಟು ಒಬ್ಬ ಹುಡುಗನನ್ನು ಕಳಿಸಿ, ಕೊಡುತ್ತೇವೆ' ಎಂದು ಬರೆದ ಹಾಗೆ. ನೀವು ಮೇಲ್ ತೆರೆದ ಕೂಡಲೇ ನಿಮ್ಮನ್ನು ಕೇಳದೆ ನಿಮ್ಮ ಫೋನು ಆ ಹುಡುಗನನ್ನು ಓಡಿಸುತ್ತದೆ. ಹುಡುಗ ಬಾಗಿಲಿಗೆ ಬಂದು ನಿಂತನೆಂದರೆ ಆ ಮನೆಯವರಿಗೆ ಗೊತ್ತು, ಪತ್ರ ಒಡೆದಿದ್ದಾರೆ.

ಒಂದೇ ಪತ್ರ ಸಾವಿರ ಜನಕ್ಕೆ ಹೋಗಿದ್ದರೆ ಯಾರು ಒಡೆದರೆಂದು ಹೇಗೆ ತಿಳಿಯಬೇಕು? ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಚೀಟಿ ನಂಬರ್ ಹಾಕಿರುತ್ತಾರೆ. ನಿಮ್ಮ ಮೇಲ್‌ನಲ್ಲಿರುವ ಚಿತ್ರದ ವಿಳಾಸದ ಕೊನೆಗೆ ನಿಮ್ಮೊಬ್ಬರಿಗೇ ಸೇರಿದ ಅಕ್ಷರ-ಅಂಕಿ ಇರುತ್ತವೆ. ಆ ನಂಬರಿನ ಪಕ್ಕ ನಿಮ್ಮ ಹೆಸರು, ಮೊಬೈಲ್ ನಂಬರ್ ಅವರ ಪಟ್ಟಿಯಲ್ಲಿ ಮೊದಲೇ ಇದೆ, ಫಾರ್ಮ್ ತುಂಬುವಾಗ ನೀವೇ ಕೊಟ್ಟದ್ದು. ಚಿತ್ರ ಸುಂದರವಾಗಿರಬೇಕೆಂದಿಲ್ಲ, ಕಾಣಬೇಕೆಂದೂ ಇಲ್ಲ. ಉದ್ದ ಒಂದು ಚುಕ್ಕೆ, ಅಗಲ ಒಂದು ಚುಕ್ಕೆ, ಬಣ್ಣವಿಲ್ಲದ ಚಿತ್ರವಾದರೂ ಕೆಲಸ ನಡೆಯುತ್ತದೆ. ಫೋನಿನ ಪರದೆ ಮೇಲಿನ ಇಂಥ ಒಂದು ಚುಕ್ಕೆಗೆ ಪಿಕ್ಸೆಲ್ ಅನ್ನುತ್ತಾರೆ. ಅದಕ್ಕೇ ಇದಕ್ಕೆ ಟ್ರ್ಯಾಕಿಂಗ್ ಪಿಕ್ಸೆಲ್ ಎಂಬ ಹೆಸರು ಬಂದದ್ದು.

ಹುಡುಗನ ಮೇಲ್‌ನಲ್ಲಿ ಅದು ಇದೆಯೋ ಇಲ್ಲವೋ ನೋಡಲು ಜಿಮೇಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆವು. ಫೋನಿನ ಆ್ಯಪಿನಲ್ಲಿ ಈ ಸೌಲಭ್ಯ ಇಲ್ಲ. ಮೇಲ್ ತೆರೆದು ಬಲಗಡೆಯ ಮೂರು ಚುಕ್ಕಿ ಒತ್ತಿದರೆ `Show original` ಎಂದು ಬರುತ್ತದೆ. ಅದನ್ನು ಒತ್ತಿದಾಗ ಮೇಲ್‌ನ ಹೊಲಿಗೆ ಬಿಚ್ಚಿದ ಹಾಗೆ ಒಳಗಿನ ಬರಹವೆಲ್ಲ ಕಾಣುತ್ತದೆ. ಅಲ್ಲಿ `<img` ಎಂದು ಹುಡುಕಿದೆವು. ಸಂಸ್ಥೆಯ ಲೋಗೋ, ನಗುವ ವಿದ್ಯಾರ್ಥಿಗಳ ಫೋಟೋ ದಾಟಿದ ಮೇಲೆ ತೀರಾ ಕೊನೆಯಲ್ಲಿ ಒಂದು ಸಾಲು ಸಿಕ್ಕಿತು. ವಿಳಾಸ, ನಂಬರ್ ಬದಲಿಸಿ ಬರೆದರೆ ಅದು ಹೀಗಿತ್ತು:

```
<img src="https://example.com/o.gif?id=sr4471" width="1" height="1">
```

ಉದ್ದ 1, ಅಗಲ 1, ಕೊನೆಗೆ ಚೀಟಿ ನಂಬರ್. ಇನ್ನೊಂದು ದಿನದ ಮೇಲ್ ಬಿಚ್ಚಿ ನೋಡಿದರೆ ಅಲ್ಲೂ ಇಂಥದೇ ಸಾಲು. ನೀವೂ ಹೀಗೆ ಹುಡುಕುವುದಾದರೆ ಎರಡು ಮಾತು ನೆನಪಿಡಿ. ಕೆಲವು ಮೇಲ್‌ಗಳಲ್ಲಿ `=` ಇರಬೇಕಾದ ಕಡೆ `=3D` ಎಂದು ಕಾಣುತ್ತದೆ. ಅದು ಮೇಲ್ ಕಟ್ಟುವ ಪದ್ಧತಿ, ಗಾಬರಿ ಬೇಡ. ಎರಡನೆಯದು, ಇಂಥ ಸಾಲು ಸಿಗಲಿಲ್ಲ ಎಂದರೆ ಪಿಕ್ಸೆಲ್ ಇಲ್ಲ ಎಂದು ಅರ್ಥವಲ್ಲ. ಇಡೀ ಮೇಲನ್ನೇ ಅರ್ಥವಾಗದ ಅಕ್ಷರಗಳಲ್ಲಿ ಸುತ್ತಿ ಕಳಿಸುವುದುಂಟು. ಚುಕ್ಕೆಯ ಬದಲು ದೊಡ್ಡ ಲೋಗೋದ ವಿಳಾಸಕ್ಕೇ ಚೀಟಿ ನಂಬರ್ ಅಂಟಿಸುವುದೂ ಉಂಟು. ಹಾಗಾಗಿ ಒಂದೊಂದೇ ಪಿಕ್ಸೆಲ್ ಹುಡುಕಿ ತೆಗೆಯುವುದಕ್ಕಿಂತ ಹೊರಗಿನ ಚಿತ್ರಗಳನ್ನೆಲ್ಲ ತಡೆಯುವುದೇ ಸುಲಭದ ದಾರಿ.

ಫೋನಿನಲ್ಲಿ ತಡೆಯುವುದು ಹೀಗೆ. ಆಂಡ್ರಾಯ್ಡ್ ಫೋನಿನ ಜಿಮೇಲ್ ಆ್ಯಪ್ ತೆರೆಯಿರಿ. ಮೇಲೆ ಎಡಗಡೆಯ ಮೂರು ಗೆರೆ ಒತ್ತಿ, ಕೆಳಗೆ ಸರಿಸಿ `Settings` ಒತ್ತಿ. ನಿಮ್ಮ ಮೇಲ್ ವಿಳಾಸ ಕಾಣುತ್ತದೆ, ಅದನ್ನು ಒತ್ತಿ. ಮತ್ತೆ ಕೆಳಗೆ ಸರಿಸುತ್ತ ಹೋದರೆ `Images` ಎಂದು ಸಿಗುತ್ತದೆ. ಅದನ್ನು ಒತ್ತಿದರೆ ಎರಡೇ ಆಯ್ಕೆ. ಒಂದು `Always` ಎಂದು ಶುರುವಾಗುತ್ತದೆ, ಅಂದರೆ ಯಾವಾಗಲೂ ತೋರಿಸು. ಇನ್ನೊಂದು `Ask` ಎಂದು ಶುರುವಾಗುತ್ತದೆ, ಅಂದರೆ ಮೊದಲು ನನ್ನನ್ನು ಕೇಳು. ಎರಡನೆಯದನ್ನು ಆರಿಸಿ. ಒಂದೇ ಫೋನಿನಲ್ಲಿ ಎರಡು-ಮೂರು ಮೇಲ್ ವಿಳಾಸ ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ಮಾಡಬೇಕು. ಕಂಪ್ಯೂಟರಿನಲ್ಲೂ ಮೇಲ್ ನೋಡುವವರು ಅಲ್ಲಿನ ಸೆಟ್ಟಿಂಗ್ಸಿಗೆ ಹೋಗಿ `Images` ಎಂಬ ಕಡೆ ಇದೇ ಆಯ್ಕೆ ಇದೆಯೇ ಎಂದು ನೋಡಿಕೊಳ್ಳಬೇಕು.

ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತು. ಗೆಳೆಯನೊಬ್ಬನಿಗೆ ಸ್ವಂತದ ಸಣ್ಣ ವೆಬ್‌ಸೈಟ್ ಇದೆ. ಅಲ್ಲಿ ಒಂದು ಚುಕ್ಕೆ ಚಿತ್ರ ಇಟ್ಟು, ಅದರ ವಿಳಾಸ ಸೇರಿಸಿ ನನಗೊಂದು ಮೇಲ್ ಕಳಿಸಲು ಹೇಳಿದೆ. ಅವನ ವೆಬ್‌ಸೈಟಿಗೆ ಯಾರು ಬಂದರೂ ಹೊತ್ತಿನ ಸಮೇತ ಒಂದು ಸಾಲು ತಾನಾಗಿ ದಾಖಲಾಗುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿದ್ದ ಹಾಗೆ. ಅವನು ಆ ಕಡೆ ಅದನ್ನು ನೋಡುತ್ತ ಕೂತ, ನಾನು ಈ ಕಡೆ ಫೋನ್ ಹಿಡಿದು ಕೂತೆ.

ಮೊದಲು ಚಿತ್ರ ತಡೆದಿಟ್ಟು ಮೇಲ್ ತೆರೆದೆ. ಅಕ್ಷರವೆಲ್ಲ ಓದಿದೆ. ಐದು ನಿಮಿಷ ಕಾದರೂ ಅವನ ಕಡೆ ಒಂದು ಸಾಲೂ ಬೀಳಲಿಲ್ಲ. ಆಮೇಲೆ ಮೇಲ್‌ನಲ್ಲಿದ್ದ `Show pictures` ಒತ್ತಿದೆ. ನನ್ನ ಬೆರಳು ಎತ್ತುವಷ್ಟರಲ್ಲಿ ಆ ಕಡೆಯಿಂದ "ಬಂತು ನೋಡು" ಅಂದ. ಅವನ ದಾಖಲೆಯ ಸಾಲಿನಲ್ಲಿ ಮುಖ್ಯವಾದ ಭಾಗ ಇಷ್ಟು:

```
GET /o.gif?id=sr4471 ... (via ggpht.com GoogleImageProxy)
```

ಚೀಟಿ ನಂಬರ್ ಸರಿಯಾಗಿ ತಲುಪಿತ್ತು. ಆದರೆ ನನ್ನ ಫೋನಿನ ಹೆಸರಿಲ್ಲ, ನನ್ನ ಇಂಟರ್‌ನೆಟ್ಟಿನ ವಿಳಾಸವಿಲ್ಲ. ಆ ಜಾಗದಲ್ಲಿ ಗೂಗಲ್‌ನದೇ ಹೆಸರಿತ್ತು. ಜಿಮೇಲ್ 2013ರ ಡಿಸೆಂಬರ್‌ನಿಂದ ಹೀಗೆ ಮಾಡುತ್ತ ಬಂದಿದೆ. ಚಿತ್ರ ತರಲು ನಮ್ಮ ಮನೆಯ ಹುಡುಗನ ಬದಲು ತನ್ನ ಆಳನ್ನು ಕಳಿಸುತ್ತದೆ. ಅದರಿಂದ ಆ ಮನೆಯವರಿಗೆ ನಮ್ಮ ಹುಡುಗನ ಮುಖ ಕಾಣುವುದಿಲ್ಲ, ಅವನು ಯಾವ ದಾರಿಯಿಂದ ಬಂದ ಎಂಬುದು ತಿಳಿಯುವುದಿಲ್ಲ. ಆದರೆ ಆ ಆಳಿನ ಕೈಯಲ್ಲಿ ಇರುವುದು ನಮ್ಮದೇ ಚೀಟಿ. ಹಾಗಾಗಿ ಯಾರು ತೆರೆದರು, ಎಷ್ಟು ಹೊತ್ತಿಗೆ ತೆರೆದರು ಎಂಬುದು ಮಾತ್ರ ತಪ್ಪದೆ ತಿಳಿಯುತ್ತದೆ. 'ಜಿಮೇಲ್ ಇದ್ದರೆ ಭಯವಿಲ್ಲ' ಅನ್ನುವವರು ಈ ಅರ್ಧವನ್ನು ಬಿಟ್ಟು ಹೇಳುತ್ತಾರೆ. ಹುಡುಗನಿಗೆ ಫೋನ್ ಮಾಡಲು ಆ ಸಂಸ್ಥೆಗೆ ಈ ಅರ್ಧವೇ ಸಾಕಾಗಿತ್ತು.

ಆಮೇಲೆ ಅದೇ ಮೇಲನ್ನು ನಡುವೆ ಆಳನ್ನು ಇಡದ ಬೇರೊಂದು ಮೇಲ್ ಆ್ಯಪಿನಲ್ಲಿ ತೆರೆದೆ. ಈ ಸಲ ಅವನ ದಾಖಲೆಯಲ್ಲಿ ನನ್ನ ಫೋನಿನ ಮಾಡೆಲ್ ಬಂತು, ಇಂಟರ್‌ನೆಟ್ ವಿಳಾಸವೂ ಬಂತು. ಆ ವಿಳಾಸ ಯಾವ ಊರಿನದು ಎಂದು ಹುಡುಕಿದರೆ ಬೆಂಗಳೂರು ಎಂದು ತೋರಿಸಿತು. ನಾನಿದ್ದದ್ದು ಆಳಂದ ತಾಲ್ಲೂಕಿನ ಸರಸಂಬಾದಲ್ಲಿ. ಮೊಬೈಲ್ ಡೇಟಾದಲ್ಲಿ ಹೀಗೆ ಆಗುವುದು ಸಾಮಾನ್ಯ. ಕಂಪನಿಯ ಇಂಟರ್‌ನೆಟ್ ಹೊರಗೆ ಹೋಗುವ ಬಾಗಿಲು ಯಾವ ದೊಡ್ಡ ಊರಿನಲ್ಲಿದೆಯೋ ಆ ಊರೇ ಕಾಣುತ್ತದೆ. ಪಿಕ್ಸೆಲ್‌ನಿಂದ ನಿಮ್ಮ ಮನೆ ಬಾಗಿಲು ಗೊತ್ತಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಅದು ಫೋನಿನೊಳಗೆ ಇಳಿಯುವ ವೈರಸ್ಸೂ ಅಲ್ಲ. ನಿಮ್ಮ ಫೋಟೋ, ಕಾಂಟ್ಯಾಕ್ಟ್, ಬೇರೆ ಮೇಲ್, ಮಾತು, ಇವು ಯಾವುವೂ ಅದಕ್ಕೆ ಸಿಗುವುದಿಲ್ಲ. ಇಷ್ಟು ಹೇಳಿದ ಮೇಲೆ ಕಾಕಾ ಫೋನ್ ಮಾರುವ ಮಾತು ಬಿಟ್ಟರು.

ಹಾಗಾದರೆ ಕಳಿಸಿದವರಿಗೆ ಸಿಗುವುದೇನು? ಈ ವಿಳಾಸ ಬಳಕೆಯಲ್ಲಿದೆ, ಇದರ ಹಿಂದೆ ಓದುವ ಮನುಷ್ಯನಿದ್ದಾನೆ, ಅವನು ಇಂಥ ಹೊತ್ತಿಗೆ ಫೋನ್ ಹಿಡಿದಿರುತ್ತಾನೆ. ಒಮ್ಮೊಮ್ಮೆ, ಎಷ್ಟು ಸಲ ತೆರೆದ ಎಂಬುದೂ ಸಿಗುತ್ತದೆ. ಮಾರುವವನಿಗೆ ಇದು ಸಣ್ಣ ಮಾತಲ್ಲ. ಮೇಲ್ ತೆರೆದ ತಕ್ಷಣ ಸೂಚನೆ ಕೊಡುವ ಸಾಫ್ಟ್‌ವೇರ್‌ಗಳನ್ನು ಮಾರಾಟದ ಕೆಲಸದವರಿಗಾಗಿಯೇ ಮಾಡಿದ್ದಾರೆ. ಫೀಸಿನ ಮೇಲನ್ನು ಹುಡುಗ ಮೂರು ಸಲ ತೆರೆದಿದ್ದಾನೆ ಎಂದು ಗೊತ್ತಾದರೆ, ಮನಸ್ಸು ತೂಗಾಡುತ್ತಿದೆ ಎಂದು ತಿಳಿದು ಅದೇ ಗಳಿಗೆಗೆ ಫೋನ್ ಮಾಡುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ಎರಡನೇ ಸಲ ನೋಡಿದವನ ಬೆನ್ನು ದಲ್ಲಾಳಿ ಬಿಡುವುದಿಲ್ಲವಲ್ಲ, ಹಾಗೆ. ಸಂತೆಯಲ್ಲಿ ಆದರೂ ದಲ್ಲಾಳಿ ನಮ್ಮನ್ನು ನೋಡುತ್ತಿರುವುದು ನಮಗೂ ಕಾಣುತ್ತದೆ. ರಿಜಿಸ್ಟರ್ ಪೋಸ್ಟಿನಲ್ಲಿ ತಲುಪಿದ್ದಕ್ಕೆ ನಾವೇ ಸಹಿ ಹಾಕುತ್ತಿದ್ದೆವು. ಇಲ್ಲಿ ನಮ್ಮನ್ನು ಕೇಳದೆ ನಮ್ಮ ಸಹಿ ಹೋಗಿರುತ್ತದೆ.

ಹುಡುಗನ ಫೋನಿನಲ್ಲಿ ಚಿತ್ರ ತಡೆದ ಮೇಲೆ ಎರಡು ಮೇಲ್ ಬಂದವು. ಎರಡನ್ನೂ ಅವನು ಪೂರ್ತಿ ಓದಿದ. ಅರ್ಧ ತಾಸಿನ ಫೋನ್ ನಿಂತುಹೋಯಿತು. ನಾಲ್ಕನೆಯ ದಿನ ಒಂದು ಕರೆ ಬಂತು, ಆದರೆ ಮಾತು ಬದಲಾಗಿತ್ತು. "ನಮ್ಮ ಮೇಲ್ ನೋಡಿದ್ರಾ ಸರ್?" ಎಂದು ಕೇಳಿದರು. "ಇನ್ನಾ ವಿಚಾರ ಮಾಡ್ಲತ್ತೀವ್ರಿ, ಬೇಕಾದ್ರ ನಾವೇ ಫೋನ್ ಮಾಡ್ತೀವಿ" ಎಂದು ಹೇಳಿ ಇಟ್ಟ. ಆ ವಾರ ಸಿಕ್ಕ ಬಿಡುವಿನಲ್ಲಿ ಅಪ್ಪ-ಮಗ ಕೂಡಿ ಕಲಬುರಗಿಗೆ ಹೋಗಿ ಎರಡು ಕಾಲೇಜು ವಿಚಾರಿಸಿ ಬಂದರು. ಮುಂಗಡ ಕಟ್ಟುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ.

ಚಿತ್ರ ತಡೆದರೆ ಸ್ವಲ್ಪ ತೊಂದರೆ ಇದೆ, ಅದನ್ನೂ ಹೇಳಬೇಕು. ಕೆಲವು ಮೇಲ್‌ಗಳಲ್ಲಿ ಅಕ್ಷರವೇ ಇರುವುದಿಲ್ಲ, ಎಲ್ಲವನ್ನೂ ಒಂದು ಚಿತ್ರದಲ್ಲಿ ಬರೆದು ಕಳಿಸಿರುತ್ತಾರೆ. ಅಂಥವು ತೆರೆದರೆ ಖಾಲಿ ಡಬ್ಬಿಗಳು ಕಾಣುತ್ತವೆ. ನೀವೇ ಕಾಯುತ್ತಿದ್ದ ಮೇಲ್ ಆಗಿದ್ದು, ಕಳಿಸಿದವರ ವಿಳಾಸ ಸರಿಯಾಗಿದ್ದರೆ ಆ ಒಂದಕ್ಕೆ ಮಾತ್ರ `Show pictures` ಒತ್ತಿ ನೋಡಿ. ಒತ್ತಿದ ಮೇಲೆ, ಇವರ ಚಿತ್ರವನ್ನು ಯಾವಾಗಲೂ ತೋರಿಸಲೇ ಎಂದು ಆ್ಯಪ್ ಕೇಳುತ್ತದೆ. ಅದಕ್ಕೆ ಹೂಂ ಅನ್ನುವ ಮೊದಲು ಯೋಚಿಸಿ, ಹೂಂ ಅಂದರೆ ಅವರ ಮಟ್ಟಿಗೆ ಬಾಗಿಲು ಮತ್ತೆ ತೆರೆದ ಹಾಗೆ. ಅಪರಿಚಿತರ ಮೇಲ್ ಖಾಲಿ ಕಂಡರೆ ಹಾಗೇ ಬಿಡಿ.

ಐಫೋನಿನವರ ಕಥೆ ಬೇರೆ. 2021ರಲ್ಲಿ ಬಂದ ಐಒಎಸ್ 15ರಿಂದ ಅದರ ಸ್ವಂತ ಮೇಲ್ ಆ್ಯಪಿನಲ್ಲಿ `Protect Mail Activity` ಎಂಬ ಆಯ್ಕೆ ಇದೆ. ಅದು ಬಾಗಿಲು ಮುಚ್ಚುವ ಬದಲು ಉಲ್ಟಾ ಕೆಲಸ ಮಾಡುತ್ತದೆ. ನೀವು ಮೇಲ್ ಓದಲಿ ಬಿಡಲಿ, ಚಿತ್ರಗಳನ್ನು ಹಿಂದಿನಿಂದ ತಾನೇ ತರಿಸಿಬಿಡುತ್ತದೆ. ಓದದವರೂ ಓದಿದ ಹಾಗೆ ಕಾಣುವುದರಿಂದ ಕಳಿಸಿದವರ ಲೆಕ್ಕವೇ ಕೆಡುತ್ತದೆ. 'ನಮ್ಮ ಮೇಲ್ ಇಷ್ಟು ಜನ ಓದಿದ್ದಾರೆ' ಎಂದು ಯಾವುದೇ ಸಂಸ್ಥೆ ಹೇಳಿಕೊಂಡರೆ ಅದರಲ್ಲಿ ಇಂಥ ಸುಳ್ಳು ಓದುವಿಕೆಯೂ ಸೇರಿರುತ್ತದೆ. ಚಿತ್ರ ತಡೆದು ಓದಿದ ನಮ್ಮಂಥವರು ಲೆಕ್ಕಕ್ಕೇ ಸಿಕ್ಕಿರುವುದಿಲ್ಲ.

ಚಿತ್ರ ತಡೆದರೂ ತಡೆಯಲಾಗದ ದಾರಿಗಳಲ್ಲಿ ದೊಡ್ಡದು ಲಿಂಕ್. ಮೇಲ್‌ನಲ್ಲಿರುವ 'ಇಲ್ಲಿ ಒತ್ತಿ' ಎಂಬ ಗುಂಡಿಯಲ್ಲೂ ಸಾಮಾನ್ಯವಾಗಿ ಚೀಟಿ ನಂಬರ್ ಇರುತ್ತದೆ. ಅದನ್ನು ಒತ್ತಿದಾಗ ಗೂಗಲ್‌ನ ಆಳು ನಡುವೆ ಇರುವುದಿಲ್ಲ, ನಿಮ್ಮ ಫೋನು ನೇರವಾಗಿ ಅವರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಯಾರೆಂದೇ ಗೊತ್ತಿಲ್ಲದವರು ಕಳಿಸಿದ ಮೇಲ್ ಕೆಳಗಿನ 'ಅನ್‌ಸಬ್‌ಸ್ಕ್ರೈಬ್' ಲಿಂಕಿಗೂ ಇದೇ ಮಾತು. ಪರಿಚಯದ ಸಂಸ್ಥೆಯದಾದರೆ ಒತ್ತಿ ಹೊರಬರಬಹುದು. ಅಪರಿಚಿತರದಾದರೆ ಒತ್ತದೆ ಸ್ಪ್ಯಾಮ್ ಎಂದು ಗುರುತು ಮಾಡಿ. ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದ ಮೇಲ್‌ನ ಚಿತ್ರಗಳನ್ನು ಜಿಮೇಲ್ ತಾನಾಗಿ ತೋರಿಸುವುದಿಲ್ಲ.

ಇನ್ನೊಂದು ದಾರಿ ಫಾರ್ವರ್ಡ್. ಸುದ್ದಿ ಬರೆಯುವ ನಮಗೂ, ಪಂಚಾಯಿತಿ ಕೆಲಸದ ಬಗ್ಗೆ ದೂರು ಕಳಿಸುವ ನಿಮಗೂ ಇದು ಬೇಕಾದ ಮಾತು. ಚೀಟಿ ಇರುವ ಮೇಲನ್ನು ನೀವು ಇನ್ನೊಬ್ಬರಿಗೆ ಕಳಿಸಿದರೆ ಚೀಟಿಯೂ ಜೊತೆಗೆ ಹೋಗುವುದುಂಟು. ಅವರು ತೆರೆದಾಗ ಅದೇ ನಂಬರ್ ಮತ್ತೆ ದಾಖಲಾಗುತ್ತದೆ, ಒಮ್ಮೊಮ್ಮೆ ಬೇರೆ ಊರಿನಿಂದ, ಬೇರೆ ಫೋನಿನಿಂದ. ಅಮೆರಿಕದ ಎಚ್‌ಪಿ ಕಂಪ್ಯೂಟರ್ ಕಂಪನಿಯಲ್ಲಿ 2006ರಲ್ಲಿ ಇದನ್ನೇ ಬಳಸಲು ನೋಡಿದ್ದರು. ಆಡಳಿತ ಮಂಡಳಿಯ ಒಳಮಾತು ಪತ್ರಿಕೆಯವರಿಗೆ ಯಾರು ಹೇಳುತ್ತಿದ್ದಾರೆಂದು ಹುಡುಕಲು, ಕಂಪನಿ ಕಡೆಯ ತನಿಖೆಯವರು ಒಳಗಿನ ಅಸಮಾಧಾನದ ನೌಕರನೊಬ್ಬನ ಸುಳ್ಳು ಹೆಸರಿನಲ್ಲಿ ಸಿನೆಟ್ ಎಂಬ ಸುದ್ದಿ ಸಂಸ್ಥೆಯ ವರದಿಗಾರ್ತಿ ಡಾನ್ ಕವಾಮೊಟೊ ಅವರಿಗೆ ಮೇಲ್ ಕಳಿಸಿದರು. ಜೊತೆಗಿದ್ದ ಫೈಲಿನಲ್ಲಿ ಜಾಡು ಹಿಡಿಯುವ ಗುರುತು ಇಟ್ಟಿದ್ದರು. ಆಕೆ ಅದನ್ನು ತನ್ನ ಮೂಲಕ್ಕೆ ಕಳಿಸಿದರೆ ಮೂಲ ಯಾರೆಂದು ತಿಳಿಯಬಹುದು ಎಂಬುದು ಉಪಾಯ. ಇದರ ಜೊತೆಗೆ ಬೇರೆ ಗುಟ್ಟಿನ ತನಿಖೆಗಳೂ ಬಯಲಿಗೆ ಬಂದು, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿಯ ಅಧ್ಯಕ್ಷೆ ಪೆಟ್ರೀಷಿಯಾ ಡನ್ ರಾಜೀನಾಮೆ ಕೊಡಬೇಕಾಯಿತು, ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆಯೂ ನಡೆಯಿತು.

ಅಲ್ಲಿ ಗುರುತು ಇದ್ದದ್ದು ಫೈಲಿನಲ್ಲಿ ಎಂಬುದನ್ನು ಗಮನಿಸಿ. ಚಿತ್ರ ತಡೆಯುವ ಸೆಟ್ಟಿಂಗ್ ಮೇಲ್‌ನೊಳಗಿನ ಚಿತ್ರಗಳಿಗೆ ಮಾತ್ರ. ನೀವೇ ಇಳಿಸಿಕೊಂಡು ತೆರೆಯುವ ಫೈಲನ್ನು ಅದು ಕಾಯುವುದಿಲ್ಲ. ಆದ್ದರಿಂದ ನಾಜೂಕಿನ ವಿಷಯದ ಮೇಲ್ ಬಂದರೆ, ಅದನ್ನು ಇನ್ನೊಬ್ಬರಿಗೆ ತೋರಿಸಬೇಕಾದರೆ, ಫಾರ್ವರ್ಡ್ ಮಾಡಬೇಡಿ, ಫೈಲನ್ನೂ ದಾಟಿಸಬೇಡಿ. ಚಿತ್ರ ತಡೆದಿಟ್ಟೇ ತೆರೆದು, ಬೇಕಾದ ಸಾಲುಗಳನ್ನು ಬೇರೆ ಹೊಸ ಮೇಲ್‌ನಲ್ಲಿ ನೀವೇ ಟೈಪ್ ಮಾಡಿ ಕಳಿಸಿ, ಇಲ್ಲವೇ ಪರದೆಯ ಫೋಟೋ ತೆಗೆದು ತೋರಿಸಿ. ಹೀಗೆ ಮಾಡಿದರೆ ಆ ಮೇಲ್‌ನ ಚೀಟಿ ನಿಮ್ಮ ಫೋನ್ ದಾಟಿ ಮುಂದಿನವರ ಕೈಗೆ ಹೋಗುವುದಿಲ್ಲ.